ನೇರ ರೇಖೆಯೋ, ಇಳಿಕೆ ಶಿಲ್ಕೋ: ದಾಲ್ ಮಿಲ್ ಯಂತ್ರದ ಸವಕಳಿ ಲೆಕ್ಕ, ಹಂತ ಹಂತವಾಗಿ

ಕಲಬುರಗಿಯ ದಾಲ್ ಮಿಲ್‌ಗಳ ವರ್ಷಾಂತ್ಯದ ಲೆಕ್ಕಪತ್ರಗಳಲ್ಲಿ ಸವಕಳಿಯ ತಪ್ಪುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೂಡುವುದರಲ್ಲಿ, ಕಳೆಯುವುದರಲ್ಲಿ ಯಾರೂ ಎಡವುವುದಿಲ್ಲ. ಯಾವ ಮೊತ್ತದ ಮೇಲೆ ದರ ಹಾಕಬೇಕು, ಆ ದರ ಎಲ್ಲಿಂದ ಬಂತು, ಯಾವ ದಿನದಿಂದ ಎಣಿಸಬೇಕು ಎಂಬಲ್ಲಿ ಎಡವುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಆಮೇಲೆ ಬರುತ್ತದೆ. ಆರನೆಯ ವರ್ಷ ಲಾಭ ಎರಡು ಪಟ್ಟಾಗಿರುವುದನ್ನು ಕಂಡು ಮಾಲೀಕರು ವ್ಯಾಪಾರ ಬೆಳೆದಿದೆ ಎಂದುಕೊಳ್ಳುತ್ತಾರೆ. ಹೆಚ್ಚಿಗೆ ಒಂದು ಚೀಲ ಬೇಳೆಯೂ ಮಾರಾಟವಾಗಿರುವುದಿಲ್ಲ. ಸವಕಳಿ ಇಳಿದಿರುತ್ತದೆ, ಅಷ್ಟೇ.

ಈ ಮಾರ್ಗದರ್ಶಿ ಒಂದೇ ಯಂತ್ರವನ್ನು ಹಿಡಿದು ಸಾಗುತ್ತದೆ. ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಇಬ್ಬರು ಪಾಲುದಾರರ ಒಂದು ದಾಲ್ ಮಿಲ್ ಇದೆ, ಅವರು ತೊಗರಿಯ ಸಿಪ್ಪೆ ತೆಗೆದು ಬೇಳೆ ಒಡೆಯುವ ಹೊಸ ಎಮರಿ ರೋಲರ್ ಯಂತ್ರ ತಂದಿದ್ದಾರೆ ಎಂದಿಟ್ಟುಕೊಳ್ಳೋಣ. ಅದೇ ಯಂತ್ರಕ್ಕೆ ಎರಡೂ ವಿಧಾನ ಹಚ್ಚಿ, ಹತ್ತು ವರ್ಷಗಳ ಲಾಭ ಹೇಗೆ ಬದಲಾಗುತ್ತದೆ ಎಂದು ನೋಡುತ್ತೇವೆ. ಇಲ್ಲಿ ಲಾಭ ಎಂದರೆ ಆದಾಯ ತೆರಿಗೆ ಕಟ್ಟುವ ಮೊದಲಿನ ಲಾಭ.

## ಕೈಯಲ್ಲಿ ಇರಬೇಕಾದವು

ಯಂತ್ರದ ಖರೀದಿ ಬಿಲ್ಲು, ಸಾಗಾಣಿಕೆಯ ರಸೀದಿ, ಅಡಿಪಾಯ ಮತ್ತು ಜೋಡಣೆಯ ಖರ್ಚಿನ ಚೀಟಿಗಳು, ಯಂತ್ರ ಮೊದಲ ಬಾರಿಗೆ ಓಡಿದ ದಿನದ ಯಾವುದಾದರೂ ಪುರಾವೆ, ಮತ್ತು ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ. ಇಷ್ಟು ಸಾಕು. ಒಂದು ಕೊರತೆ ಮಾತ್ರ ತುಂಬ ಸಾಮಾನ್ಯ: ಖತಾವಣಿಯಲ್ಲಿ ‘ಯಂತ್ರೋಪಕರಣ ಖಾತೆ’ ಎಂದು ಒಂದೇ ಮೊತ್ತ ಇರುತ್ತದೆ, ಅದರೊಳಗೆ ಯಾವ ಯಂತ್ರ ಯಾವಾಗ ಬಂತು ಎಂಬುದು ಇರುವುದಿಲ್ಲ. ಮುಂದುವರಿಯುವ ಮೊದಲು ಪ್ರತಿ ಯಂತ್ರಕ್ಕೂ ಒಂದೊಂದು ಸಾಲು ಬರುವಂತೆ ಆಸ್ತಿ ದಾಖಲೆ ಪುಸ್ತಕ ಮಾಡಿಕೊಳ್ಳಿ. ಇಲ್ಲದಿದ್ದರೆ ಆ ಯಂತ್ರ ಮಾರಿದ ದಿನ ಅದರ ಪುಸ್ತಕ ಮೌಲ್ಯ ಎಷ್ಟೆಂದು ಯಾರಿಗೂ ಹೇಳಲು ಬರುವುದಿಲ್ಲ.

## ಹಂತ 1: ಯಂತ್ರದ ಪೂರ್ತಿ ವೆಚ್ಚ ಕಂಡುಕೊಳ್ಳಿ

ಬಿಲ್ಲಿನ ಬೆಲೆಯೇ ವೆಚ್ಚವಲ್ಲ. ಯಂತ್ರ ಕೆಲಸಕ್ಕೆ ಸಿದ್ಧವಾಗುವವರೆಗೆ ಅದಕ್ಕೆ ನೇರವಾಗಿ ತಗುಲಿದ ಖರ್ಚೆಲ್ಲ ಸೇರಬೇಕು. ನಮ್ಮ ಯಂತ್ರದ ಬೆಲೆ 9,20,000 ರೂಪಾಯಿ, ಲಾರಿ ಬಾಡಿಗೆ 30,000, ಕಾಂಕ್ರೀಟ್ ಅಡಿಪಾಯ 35,000, ಜೋಡಣೆ ಮತ್ತು ವಿದ್ಯುತ್ ಸಂಪರ್ಕ 15,000. ಒಟ್ಟು 10,00,000 ರೂಪಾಯಿ.

ಅಡಿಪಾಯದ 35,000 ರೂಪಾಯಿಯನ್ನು ‘ಕಟ್ಟಡ ದುರಸ್ತಿ’ ಎಂದು ಬರೆದು ಅದೇ ವರ್ಷ ಖರ್ಚಿಗೆ ಹಾಕುವುದು ಇಲ್ಲಿನ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಮೊದಲ ವರ್ಷದ ಲಾಭ ಸುಮ್ಮನೆ ಕಡಿಮೆಯಾಗಿ, ಮುಂದಿನ ಒಂಬತ್ತು ವರ್ಷಗಳ ಲಾಭ ಅಷ್ಟಷ್ಟು ಉಬ್ಬುತ್ತದೆ.

ಜಿಎಸ್‌ಟಿ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಯಂತ್ರದ ಮೇಲೆ ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದಿದ್ದೀರಾ? ಪಡೆದಿದ್ದರೆ ಅದನ್ನು ವೆಚ್ಚಕ್ಕೆ ಸೇರಿಸುವಂತಿಲ್ಲ. ನೀವು ಮಾರುವ ಬೇಳೆಗೆ ತೆರಿಗೆಯೇ ಇಲ್ಲದ ಕಾರಣ ಜಮೆ ಸಿಗದಿದ್ದರೆ ಅದು ವೆಚ್ಚದ ಭಾಗ. ಜಮೆಯನ್ನೂ ಪಡೆದು ಅದೇ ಮೊತ್ತದ ಮೇಲೆ ಸವಕಳಿಯನ್ನೂ ಹಾಕುವುದು ತಪ್ಪಷ್ಟೇ ಅಲ್ಲ, ತಪಾಸಣೆಯಲ್ಲಿ ಮೊದಲು ಸಿಕ್ಕಿಬೀಳುವುದೂ ಅದೇ.

## ಹಂತ 2: ಆಯುಷ್ಯ ಮತ್ತು ಗುಜರಿ ಬೆಲೆ ಅಂದಾಜಿಸಿ

ಇವೆರಡೂ ಅಂದಾಜುಗಳೇ, ಆದರೆ ಬಾಯಿಗೆ ಬಂದ ಅಂಕಿಗಳಲ್ಲ. ಆಯುಷ್ಯ ಎಂದರೆ ಕಬ್ಬಿಣ ಎಷ್ಟು ವರ್ಷ ಗಟ್ಟಿಯಾಗಿರುತ್ತದೆ ಎಂಬುದಲ್ಲ. ನಿಮ್ಮ ಮಿಲ್ಲಿನಲ್ಲಿ ಲಾಭದಾಯಕವಾಗಿ ಎಷ್ಟು ವರ್ಷ ಓಡುತ್ತದೆ ಎಂಬುದು. ಎಮರಿ ಲೇಪನವನ್ನು ಮತ್ತೆ ಮತ್ತೆ ಹಾಕಿಸಬಹುದು, ಬೇರಿಂಗ್ ಬದಲಿಸಬಹುದು. ಆದರೆ ನುಚ್ಚು ಹೆಚ್ಚಾಗಿ ಬೇಳೆಯ ಇಳುವರಿ ಕುಸಿಯತೊಡಗಿದರೆ ಯಂತ್ರ ನಿಂತಿಲ್ಲದಿದ್ದರೂ ಅದರ ಆಯುಷ್ಯ ಮುಗಿದಂತೆಯೇ. ಹಳೆಯ ಯಂತ್ರವನ್ನು ನೀವು ಎಷ್ಟು ವರ್ಷಕ್ಕೆ ಬದಲಿಸಿದಿರಿ ಎಂಬುದೇ ಒಳ್ಳೆಯ ಆಧಾರ.

ನಮ್ಮ ಉದಾಹರಣೆಯಲ್ಲಿ ಆಯುಷ್ಯ 10 ವರ್ಷ, ಕೊನೆಯಲ್ಲಿ ಸಿಗುವ ಗುಜರಿ ಬೆಲೆ 1,00,000 ರೂಪಾಯಿ. ಅಂದರೆ ಹತ್ತು ವರ್ಷಗಳಲ್ಲಿ ಖರ್ಚಿಗೆ ಹೋಗಬೇಕಾದ ಮೊತ್ತ 9,00,000. ಈ ಒಂಬತ್ತು ಲಕ್ಷವನ್ನು ನೆನಪಿಡಿ. ಎರಡು ವಿಧಾನಗಳ ನಡುವೆ ಏನೇ ಜಗಳವಿದ್ದರೂ ಈ ಮೊತ್ತದ ಬಗ್ಗೆ ಇಲ್ಲ. ಅದನ್ನು ಯಾವ ವರ್ಷಕ್ಕೆ ಎಷ್ಟು ಹಂಚಬೇಕು ಎಂಬುದರ ಬಗ್ಗೆ ಮಾತ್ರ.

ನಿಮ್ಮದು ಪಾಲುದಾರಿಕೆಯಲ್ಲ, ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದಾದರೆ 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿ ನೋಡಬೇಕು. ಅದರಲ್ಲಿ ಸಾಮಾನ್ಯ ಯಂತ್ರೋಪಕರಣಕ್ಕೆ 15 ವರ್ಷ ಆಯುಷ್ಯ, ಗುಜರಿ ಬೆಲೆ ಸಾಮಾನ್ಯವಾಗಿ ವೆಚ್ಚದ ಶೇ 5ನ್ನು ಮೀರಬಾರದು. ಆ ಆಯುಷ್ಯ ಒಂದು ಪಾಳಿಯ ಕೆಲಸಕ್ಕೆ ಹೇಳಿದ್ದು. ಹಂಗಾಮಿನಲ್ಲಿ ಎರಡು ಪಾಳಿ ಓಡಿಸಿದರೆ ಆ ಅವಧಿಯ ಸವಕಳಿ ಶೇ 50ರಷ್ಟು, ಮೂರು ಪಾಳಿಗೆ ಶೇ 100ರಷ್ಟು ಹೆಚ್ಚುತ್ತದೆ. ತೊಗರಿ ಬಂದಾಗ ರಾತ್ರಿಯೂ ಮಿಲ್ ಓಡಿಸುವ ನಮ್ಮ ಊರಿನ ಕಂಪನಿಗಳು ಇದನ್ನು ಮರೆಯುವುದೇ ಹೆಚ್ಚು.

## ಹಂತ 3: ನೇರ ರೇಖಾ ವಿಧಾನದ ಕಂತು

ವೆಚ್ಚದಿಂದ ಗುಜರಿ ಬೆಲೆ ಕಳೆದು ವರ್ಷಗಳಿಂದ ಭಾಗಿಸಿ. 10,00,000ದಿಂದ 1,00,000 ಕಳೆದರೆ 9,00,000. ಹತ್ತರಿಂದ ಭಾಗಿಸಿದರೆ ವರ್ಷಕ್ಕೆ 90,000 ರೂಪಾಯಿ. ಹತ್ತೂ ವರ್ಷ ಇದೇ ಮೊತ್ತ. ಎಕ್ಸೆಲ್‌ನಲ್ಲಿ ಹೀಗೆ ಬರೆಯಬಹುದು:

```
=SLN(1000000,100000,10)
```

ಇಲ್ಲಿ ಎಚ್ಚರವಹಿಸಬೇಕಾದದ್ದು ಒಂದೇ. ಹಂಗಾಮು ಮುಗಿದು ಮಿಲ್ ಬಾಗಿಲು ಹಾಕಿದ ತಿಂಗಳುಗಳನ್ನು ಬಿಟ್ಟು ಲೆಕ್ಕ ಹಾಕಬೇಡಿ. ಯಂತ್ರ ಸುಮ್ಮನೆ ನಿಂತಿದ್ದರೂ ನೇರ ರೇಖೆಯ ಸವಕಳಿ ನಿಲ್ಲುವುದಿಲ್ಲ. ಕಾಲ ಸರಿದಂತೆ ಯಂತ್ರ ಹಳೆಯದಾಗುವುದು ಅದು ಓಡಿದೆಯೋ ಇಲ್ಲವೋ ಎಂದು ನೋಡಿಕೊಂಡಲ್ಲ.

## ಹಂತ 4: ಇಳಿಕೆ ಶಿಲ್ಕಿನ ದರ ಕಂಡುಹಿಡಿಯಿರಿ

ಲೆಕ್ಕ ಪರಿಶೋಧಕರ ಕಚೇರಿಗಳಲ್ಲಿ ಡಬ್ಲ್ಯುಡಿವಿ ಎಂದು ಕರೆಯುವುದು ಇದನ್ನೇ. ವರ್ಷದ ಆರಂಭದಲ್ಲಿ ಪುಸ್ತಕದಲ್ಲಿ ಉಳಿದಿರುವ ಶಿಲ್ಕಿನ ಮೇಲೆ ಪ್ರತಿ ವರ್ಷ ಒಂದೇ ಶೇಕಡಾ ದರ ಹಾಕುತ್ತಾರೆ. ದರ ಬದಲಾಗುವುದಿಲ್ಲ, ಶಿಲ್ಕು ಕುಗ್ಗುತ್ತದೆ. ಆದ್ದರಿಂದ ಸವಕಳಿಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ.

ಹೆಚ್ಚಿನವರು ಸೋಲುವುದು ಈ ಹಂತದಲ್ಲೇ. ದರ ಎಲ್ಲಿಂದ ತರಬೇಕು ಎಂದು ತಿಳಿಯದೆ ಆದಾಯ ತೆರಿಗೆಯ ಶೇ 15ನ್ನೇ ತಂದು ಹಾಕುತ್ತಾರೆ. ಆ ದರದಲ್ಲಿ ನಮ್ಮ ಯಂತ್ರದ ಪುಸ್ತಕ ಮೌಲ್ಯ ಹತ್ತು ವರ್ಷಗಳ ಕೊನೆಗೆ 1,96,874 ರೂಪಾಯಿ ಉಳಿಯುತ್ತದೆ, ಗುಜರಿಯವನು ಕೊಡುವುದು ಒಂದು ಲಕ್ಷ. ಉಳಿದ ತೊಂಬತ್ತಾರು ಸಾವಿರಕ್ಕೂ ಹೆಚ್ಚು ಮೊತ್ತ ಕೊನೆಯ ವರ್ಷ ಒಮ್ಮೆಲೇ ನಷ್ಟವಾಗಿ ಎದುರು ನಿಲ್ಲುತ್ತದೆ.

ಪುಸ್ತಕದ ದರ ನಿಮ್ಮ ವೆಚ್ಚ, ಗುಜರಿ ಬೆಲೆ ಮತ್ತು ಆಯುಷ್ಯಗಳಿಂದಲೇ ಹುಟ್ಟಬೇಕು. ಸೂತ್ರ ಇದು:

```
=1-(100000/1000000)^(1/10)
```

ಉತ್ತರ 0.2057, ಅಂದರೆ ಶೇ 20.57. ನಾವು ಲೆಕ್ಕ ಸುಲಭವಾಗಲೆಂದು ಶೇ 20 ಇಟ್ಟುಕೊಂಡು, ಕೊನೆಯ ವರ್ಷ ಸಣ್ಣ ವ್ಯತ್ಯಾಸ ಸರಿಪಡಿಸೋಣ. ನಿಮ್ಮ ಸೂತ್ರ ಸರಿಯಾಗಿದೆಯೇ ಎಂದು ನೋಡಲು ಕಂಪನಿ ಕಾಯ್ದೆಯ ಅಂಕಿಗಳನ್ನು ಅದರಲ್ಲಿ ಹಾಕಿ: 15 ವರ್ಷ, ಶೇ 5 ಗುಜರಿ. ಶೇ 18.10 ಬಂದರೆ ಸೂತ್ರ ಸರಿ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಗುಜರಿ ಬೆಲೆ ಸೊನ್ನೆ ಎಂದು ಹಾಕಿದರೆ ಸೂತ್ರ ಶೇ 100 ದರ ಕೊಡುತ್ತದೆ. ಶೇಕಡಾ ಲೆಕ್ಕದಲ್ಲಿ ಕಡಿಯುತ್ತ ಹೋದರೆ ಶಿಲ್ಕು ಎಂದೂ ಸೊನ್ನೆ ಮುಟ್ಟುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಇನ್ನೊಂದು, ಎಕ್ಸೆಲ್‌ನ `DB` ಸೂತ್ರ ಬಳಸಿದವರಿಗೆ ಮೊದಲ ವರ್ಷ 2,06,000 ಎಂದು ಬರುತ್ತದೆ. ಅದು ದರವನ್ನು ಮೂರು ದಶಮಾಂಶಗಳಿಗೆ ಸುತ್ತಿ 0.206 ಮಾಡಿಕೊಳ್ಳುತ್ತದೆ. ಕೈಲೆಕ್ಕಕ್ಕೂ ಪರದೆಗೂ ತಾಳೆಯಾಗದಿದ್ದರೆ ಮೊದಲು ಇದನ್ನು ನೋಡಿ.

## ಹಂತ 5: ವರ್ಷವಾರು ಪಟ್ಟಿ ಬರೆಯಿರಿ

ಯಂತ್ರ ಏಪ್ರಿಲ್ 1ರಂದೇ ಕೆಲಸಕ್ಕೆ ಸಿದ್ಧವಾಯಿತು ಎಂದು ಸದ್ಯಕ್ಕೆ ಹಿಡಿಯೋಣ. ಸವಕಳಿ ಕಳೆಯುವ ಮೊದಲಿನ ಲಾಭ ಪ್ರತಿ ವರ್ಷವೂ 3,00,000 ರೂಪಾಯಿ ಇರಲಿ. ನಿಜ ವ್ಯಾಪಾರದಲ್ಲಿ ತೊಗರಿಯ ದರ ಹಾಗೆ ಸುಮ್ಮನಿರುವುದಿಲ್ಲ. ಆದರೆ ವ್ಯಾಪಾರವನ್ನು ಕದಲದಂತೆ ಹಿಡಿದರೆ ಮಾತ್ರ ಲಾಭ ಬದಲಾಗಿದ್ದು ಕೇವಲ ವಿಧಾನದಿಂದ ಎಂಬುದು ಕಣ್ಣಿಗೆ ಬೀಳುತ್ತದೆ.

| ವರ್ಷ | ನೇರ ರೇಖೆ: ಸವಕಳಿ | ನೇರ ರೇಖೆ: ಲಾಭ | ಇಳಿಕೆ ಶಿಲ್ಕು: ಸವಕಳಿ | ಇಳಿಕೆ ಶಿಲ್ಕು: ಲಾಭ | ಇಳಿಕೆ ಶಿಲ್ಕು: ಉಳಿದ ಮೌಲ್ಯ |
|---|---|---|---|---|---|
| 1 | 90,000 | 2,10,000 | 2,00,000 | 1,00,000 | 8,00,000 |
| 2 | 90,000 | 2,10,000 | 1,60,000 | 1,40,000 | 6,40,000 |
| 3 | 90,000 | 2,10,000 | 1,28,000 | 1,72,000 | 5,12,000 |
| 4 | 90,000 | 2,10,000 | 1,02,400 | 1,97,600 | 4,09,600 |
| 5 | 90,000 | 2,10,000 | 81,920 | 2,18,080 | 3,27,680 |
| 6 | 90,000 | 2,10,000 | 65,536 | 2,34,464 | 2,62,144 |
| 7 | 90,000 | 2,10,000 | 52,429 | 2,47,571 | 2,09,715 |
| 8 | 90,000 | 2,10,000 | 41,943 | 2,58,057 | 1,67,772 |
| 9 | 90,000 | 2,10,000 | 33,554 | 2,66,446 | 1,34,218 |
| 10 | 90,000 | 2,10,000 | 34,218 | 2,65,782 | 1,00,000 |
| ಒಟ್ಟು | 9,00,000 | 21,00,000 | 9,00,000 | 21,00,000 | |

ಹತ್ತನೆಯ ವರ್ಷ ಶೇ 20ರಂತೆ 26,844 ಆಗಬೇಕಿತ್ತು. ಆದರೆ ಶಿಲ್ಕನ್ನು ಗುಜರಿ ಬೆಲೆಗೆ ತಂದು ನಿಲ್ಲಿಸಲು 34,218 ತೆಗೆದಿದ್ದೇವೆ. ಈ ಕೊನೆಯ ಹೊಂದಾಣಿಕೆ ಸಣ್ಣದಾಗಿದ್ದರೆ ಚಿಂತೆಯಿಲ್ಲ. ದೊಡ್ಡದಾಗಿ ಬಂದರೆ ದರವೇ ತಪ್ಪಾಗಿದೆ ಎಂದು ತಿಳಿದು ಹಂತ 4ಕ್ಕೆ ಮರಳಿ.

ಪರೀಕ್ಷೆಯ ಉತ್ತರ ಪತ್ರಿಕೆಯಲ್ಲೂ ಮಿಲ್ಲಿನ ಪುಸ್ತಕದಲ್ಲೂ ಸಮಾನವಾಗಿ ಕಾಣುವ ತಪ್ಪೊಂದಿದೆ: ಇಳಿಕೆ ಶಿಲ್ಕಿನಲ್ಲೂ ಮೊದಲು ಗುಜರಿ ಬೆಲೆ ಕಳೆಯುವುದು. ಒಂಬತ್ತು ಲಕ್ಷಕ್ಕೆ ಶೇ 20 ಹಾಕಿ 1,80,000 ಎಂದು ಬರೆಯುತ್ತಾರೆ. ನೇರ ರೇಖೆಯಲ್ಲಿ ಗುಜರಿ ಬೆಲೆ ಕಳೆಯಲೇಬೇಕು. ಇಳಿಕೆ ಶಿಲ್ಕಿನಲ್ಲಿ ಅದು ದರದೊಳಗೇ ಅಡಗಿದೆ, ಮತ್ತೆ ಕಳೆದರೆ ಎರಡು ಸಲ ಕಳೆದಂತಾಗುತ್ತದೆ. ಮೊದಲ ವರ್ಷದ ಸವಕಳಿಯನ್ನು ಪೂರ್ತಿ ವೆಚ್ಚದಿಂದ ಭಾಗಿಸಿ ನೋಡಿ. ನಿಮ್ಮ ದರ ಬರದಿದ್ದರೆ ಈ ತಪ್ಪು ನುಸುಳಿದೆ.

## ಹಂತ 6: ಲಾಭದ ಸಾಲನ್ನು ಸರಿಯಾಗಿ ಓದಿ

ಪಟ್ಟಿಯ ಕೊನೆಯ ಸಾಲಿನಿಂದ ಆರಂಭಿಸಿ. ಎರಡೂ ವಿಧಾನಗಳಲ್ಲಿ ಹತ್ತು ವರ್ಷಗಳ ಒಟ್ಟು ಲಾಭ 21,00,000. ಯಾವ ವಿಧಾನವೂ ಒಂದು ರೂಪಾಯಿ ಹೆಚ್ಚು ಗಳಿಸಿಕೊಟ್ಟಿಲ್ಲ.

ಈಗ ಮೇಲಿನಿಂದ ಕೆಳಗೆ ನೋಡಿ. ಮೊದಲ ವರ್ಷ ಇಳಿಕೆ ಶಿಲ್ಕಿನ ಲಾಭ ನೇರ ರೇಖೆಯ ಅರ್ಧಕ್ಕಿಂತ ಕಡಿಮೆ. ಆಮೇಲೆ ವರ್ಷಕ್ಕೊಂದು ಮೆಟ್ಟಿಲು ಏರುತ್ತ, ಐದನೆಯ ವರ್ಷ ನೇರ ರೇಖೆಯನ್ನು ದಾಟುತ್ತದೆ. ಏಕೆಂದರೆ ಆ ವರ್ಷದ ಸವಕಳಿ 81,920ಕ್ಕೆ, ಅಂದರೆ 90,000ಕ್ಕಿಂತ ಕೆಳಗೆ ಇಳಿಯಿತು. ಆರನೆಯ ವರ್ಷಕ್ಕೆ ಲಾಭ ಒಂದು ಲಕ್ಷದಿಂದ 2,34,464ಕ್ಕೆ ಏರಿದೆ. ವ್ಯಾಪಾರ ಮಾತ್ರ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇದೆ. ನಿಮ್ಮ ಮಿಲ್ಲಿನ ಲಾಭ ಹೀಗೆ ಒಂದೇ ಹದದಲ್ಲಿ, ಏರಿಕೆಯ ಮೊತ್ತ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಏರುತ್ತಿದ್ದರೆ ಹಿಗ್ಗುವ ಮೊದಲು ಸವಕಳಿಯ ಸಾಲು ನೋಡಿ. ಹೊಸ ಯಂತ್ರ ತಂದ ವರ್ಷ ಲಾಭ ದಿಢೀರನೆ ಕುಸಿದರೆ ಅದಕ್ಕೂ ಇದೇ ಕಾರಣವಿರಬಹುದು. ಮುನೀಮರನ್ನು ಬೈಯುವ ಅಗತ್ಯವಿಲ್ಲ.

ಹಣದ ಹರಿವು ಇಲ್ಲಿ ಬೇರೆಯೇ ಮಾತು ಹೇಳುತ್ತದೆ. ಸವಕಳಿಗೆ ಯಾರೂ ಹಣ ಎಣಿಸಿ ಕೊಡುವುದಿಲ್ಲ. ಮೊದಲ ವರ್ಷದ ಲಾಭಕ್ಕೆ ಸವಕಳಿಯನ್ನು ಮರಳಿ ಕೂಡಿ: ನೇರ ರೇಖೆಯಲ್ಲಿ 2,10,000 ಮತ್ತು 90,000, ಇಳಿಕೆ ಶಿಲ್ಕಿನಲ್ಲಿ 1,00,000 ಮತ್ತು 2,00,000. ಎರಡೂ ಕಡೆ 3,00,000. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮರುಪಾವತಿಯ ಶಕ್ತಿ ಅಳೆಯುವುದು ಈ ಕೂಡಿದ ಮೊತ್ತದಿಂದಲೇ. ಆದ್ದರಿಂದ ‘ಸಾಲ ಸಿಗಬೇಕು, ನೇರ ರೇಖೆಗೆ ಬದಲಿಸಿ ಲಾಭ ಹೆಚ್ಚು ತೋರಿಸಿ’ ಎಂಬ ಸಲಹೆಯಲ್ಲಿ ಹುರುಳಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಯಂತ್ರದ ಉಪಯೋಗ ಹೇಗೆ ಖರ್ಚಾಗುತ್ತದೆ ಎಂಬುದನ್ನು ನೋಡಿ ಆರಿಸಬೇಕು. ಎಮರಿ ರೋಲರ್‌ನಂಥ ಯಂತ್ರಕ್ಕೆ ನಾನು ಇಳಿಕೆ ಶಿಲ್ಕನ್ನೇ ಮೆಚ್ಚುತ್ತೇನೆ. ಹೊಸದರಲ್ಲಿ ಅದು ಕಡಿಮೆ ನುಚ್ಚಿನಲ್ಲಿ ಹೆಚ್ಚು ಬೇಳೆ ಕೊಡುತ್ತದೆ, ದುರಸ್ತಿಯೂ ಕಡಿಮೆ. ಹಳೆಯದಾದಂತೆ ಲೇಪನ, ಬೆಲ್ಟು, ಬೇರಿಂಗ್, ಜರಡಿಗಳ ಖರ್ಚು ಏರುತ್ತದೆ. ಸವಕಳಿ ಇಳಿಯುತ್ತ, ದುರಸ್ತಿ ಏರುತ್ತ ಹೋದರೆ ಎರಡರ ಒಟ್ಟು ಹೊರೆ ಎಲ್ಲ ವರ್ಷಗಳಿಗೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ಗೋದಾಮಿನ ಶೆಡ್ಡು, ತೂಕದ ಕಟ್ಟೆಯಂಥ ಆಸ್ತಿಗಳ ಮಾತು ಬೇರೆ. ಅವು ಮೊದಲ ವರ್ಷ ಕೊಟ್ಟ ಸೇವೆಯನ್ನೇ ಎಂಟನೆಯ ವರ್ಷವೂ ಕೊಡುತ್ತವೆ. ಅವುಗಳಿಗೆ ನೇರ ರೇಖೆಯೇ ತಕ್ಕದ್ದು. ಆಸ್ತಿಯ ಬಗೆಗೆ ತಕ್ಕಂತೆ ಬೇರೆ ಬೇರೆ ವಿಧಾನ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಒಂದೇ ಬಗೆಯ ಆಸ್ತಿಗೆ ಮನಬಂದಂತೆ ಬದಲಿಸಬಾರದು.

## ಹಂತ 7: ದಿನಾಂಕ ಸರಿಯಾಗಿ ಹಿಡಿಯಿರಿ

ಹೊಸ ತೊಗರಿ ಮಾರುಕಟ್ಟೆಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಹಾಗಾಗಿ ಮಿಲ್ಲಿನವರು ಯಂತ್ರ ತರುವುದು ದೀಪಾವಳಿಯ ಆಚೀಚೆ. ಏಪ್ರಿಲ್ 1ರ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಯಂತ್ರ ನವೆಂಬರ್ 10ರಂದು ಸಿದ್ಧವಾಯಿತು ಎನ್ನಿ. ಅಂದಿನಿಂದ ಮಾರ್ಚ್ 31ರವರೆಗೆ, ಎರಡೂ ದಿನ ಸೇರಿ, ಸಾಮಾನ್ಯ ವರ್ಷದಲ್ಲಿ 142 ದಿನ. ಪುಸ್ತಕದಲ್ಲಿ ಆ ವರ್ಷದ ಸವಕಳಿಯನ್ನು 365ಕ್ಕೆ 142ರಂತೆ ಇಳಿಸಬೇಕು. ನೇರ ರೇಖೆಯಲ್ಲಿ 90,000ದ ಬದಲು 35,014. ಇಳಿಕೆ ಶಿಲ್ಕಿನಲ್ಲಿ 2,00,000ದ ಬದಲು 77,808. ಎರಡನೆಯ ವರ್ಷ ಇಳಿಕೆ ಶಿಲ್ಕು 9,22,192ರ ಮೇಲೆ ಪೂರ್ತಿ ಶೇ 20, ಅಂದರೆ 1,84,438. ಮೊದಲ ವರ್ಷ ಪೂರ್ತಿ ಎರಡು ಲಕ್ಷ ಬರೆದುಬಿಟ್ಟರೆ ಆ ವರ್ಷದ ಲಾಭ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಯಷ್ಟು ಕಡಿಮೆ ಕಾಣುತ್ತದೆ.

ಪುಸ್ತಕದ ಸವಕಳಿ ಆರಂಭವಾಗುವುದು ಯಂತ್ರ ಕೆಲಸಕ್ಕೆ ಸಿದ್ಧವಾದ ದಿನ. ಆದಾಯ ತೆರಿಗೆ ಕೇಳುವುದು ಅದನ್ನು ಬಳಕೆಗೆ ಹಚ್ಚಿದ ದಿನ. ಅಕ್ಟೋಬರಿನಲ್ಲಿ ಜೋಡಿಸಿ ಡಿಸೆಂಬರಿನಲ್ಲಿ ಮೊದಲ ತೊಗರಿ ಹಾಕಿದರೆ ಇವೆರಡೂ ಬೇರೆ ಬೇರೆ. ಖರೀದಿ ಬಿಲ್ಲಿನ ದಿನಾಂಕ ಎರಡಕ್ಕೂ ಉತ್ತರವಲ್ಲ. ಜೋಡಣೆ ಮುಗಿದ ಪತ್ರ, ಮೊದಲ ಓಟದ ದಿನದ ಉತ್ಪಾದನಾ ದಾಖಲೆ, ಆ ತಿಂಗಳ ವಿದ್ಯುತ್ ಬಿಲ್ಲು ಇವುಗಳನ್ನು ಒಂದೇ ಕಡತದಲ್ಲಿ ಇಡಿ.

## ಹಂತ 8: ತೆರಿಗೆಗೆ ಬೇರೆ ಪಟ್ಟಿ ಇಡಿ

ಆದಾಯ ತೆರಿಗೆಯಲ್ಲಿ ವಿಧಾನ ಆರಿಸುವ ಸ್ವಾತಂತ್ರ್ಯ ದಾಲ್ ಮಿಲ್‌ಗೆ ಇಲ್ಲ. ಇಳಿಕೆ ಶಿಲ್ಕೇ ಗತಿ. ಸಾಮಾನ್ಯ ಯಂತ್ರೋಪಕರಣಕ್ಕೆ ದರ ಶೇ 15. ಖರೀದಿಸಿದ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ, ಅಂದರೆ ಶೇ 7.5. ಸಾಮಾನ್ಯ ವರ್ಷದಲ್ಲಿ ಅಕ್ಟೋಬರ್ 3ರೊಳಗೆ ಬಳಕೆಗೆ ಹಚ್ಚಿದರೆ ಪೂರ್ತಿ ದರ ಸಿಗುತ್ತದೆ, 4ರಂದು ಹಚ್ಚಿದರೆ ಅರ್ಧ.

ನವೆಂಬರ್ 10ರಂದೇ ಬಳಕೆಗೆ ಹಚ್ಚಿದ ನಮ್ಮ ಯಂತ್ರಕ್ಕೆ ಮೊದಲ ವರ್ಷದ ತೆರಿಗೆ ಸವಕಳಿ 75,000. ಮುಂದಿನ ವರ್ಷ 9,25,000ದ ಶೇ 15, ಅಂದರೆ 1,38,750. ಇಲ್ಲಿ 142 ದಿನಗಳ ಅನುಪಾತ ಹಾಕಬಾರದು. ಪೂರ್ತಿ ಅಥವಾ ಅರ್ಧ, ಅಷ್ಟೇ. ಪುಸ್ತಕದ ಅನುಪಾತವನ್ನು ತೆರಿಗೆಗೂ, ತೆರಿಗೆಯ ಅರ್ಧ ದರವನ್ನು ಪುಸ್ತಕಕ್ಕೂ ಹಾಕುವ ಗೊಂದಲ ಪ್ರತಿ ವರ್ಷ ಕಾಣುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಪುಸ್ತಕದಲ್ಲಿ ನೇರ ರೇಖೆ ಹಿಡಿದರೂ ಇಳಿಕೆ ಶಿಲ್ಕು ಹಿಡಿದರೂ ಕಟ್ಟಬೇಕಾದ ಆದಾಯ ತೆರಿಗೆ ಬದಲಾಗುವುದಿಲ್ಲ. ಪುಸ್ತಕದ ಲಾಭಕ್ಕೆ ಪುಸ್ತಕದ ಸವಕಳಿ ಮರಳಿ ಕೂಡಿ, ತೆರಿಗೆಯ ಸವಕಳಿ ಕಳೆಯುತ್ತಾರೆ. ಮೇಲಿನ ನವೆಂಬರ್ ಲೆಕ್ಕದಲ್ಲಿ ಪುಸ್ತಕದ ಲಾಭ 2,64,986 ಇರಲಿ, 2,22,192 ಇರಲಿ, ತೆರಿಗೆಗೆ ಹೋಗುವ ಮೊತ್ತ ಎರಡರಲ್ಲೂ 2,25,000.

## ಹಂತ 9: ನಡುವೆ ಮಾರಿದರೆ, ಪಾಲುದಾರ ಹೊರನಡೆದರೆ

ಮತ್ತೆ ಏಪ್ರಿಲ್ 1ರ ಪಟ್ಟಿಗೆ ಬನ್ನಿ. ನಾಲ್ಕನೆಯ ವರ್ಷದ ಕೊನೆಯಲ್ಲಿ ನಿಲ್ಲಿ. ಎರಡು ವಿಧಾನಗಳ ಅಂತರ ಅತಿ ಹೆಚ್ಚಾಗುವುದು ಅಲ್ಲೇ. ನೇರ ರೇಖೆಯಲ್ಲಿ ಯಂತ್ರದ ಪುಸ್ತಕ ಮೌಲ್ಯ 6,40,000, ಇಳಿಕೆ ಶಿಲ್ಕಿನಲ್ಲಿ 4,09,600. ಅಂತರ 2,30,400.

ಆ ದಿನ ಯಂತ್ರವನ್ನು 5,00,000ಕ್ಕೆ ಮಾರಿದರೆ ನೇರ ರೇಖೆಯ ಪುಸ್ತಕ 1,40,000 ನಷ್ಟ ತೋರಿಸುತ್ತದೆ, ಇಳಿಕೆ ಶಿಲ್ಕಿನ ಪುಸ್ತಕ 90,400 ಲಾಭ ತೋರಿಸುತ್ತದೆ. ಒಂದೇ ಯಂತ್ರ, ಒಂದೇ ಬೆಲೆ. ನಾಲ್ಕು ವರ್ಷಗಳ ಸವಕಳಿ ಜೊತೆ ಸೇರಿಸಿ ನೋಡಿ: 3,60,000ಕ್ಕೆ 1,40,000 ಕೂಡಿದರೂ 5,00,000, 5,90,400ರಿಂದ 90,400 ಕಳೆದರೂ 5,00,000. ಮಾರಾಟದ ಲಾಭ ನಷ್ಟ ಎಂದರೆ ಹಿಂದಿನ ವರ್ಷಗಳ ಸವಕಳಿ ಅಂದಾಜಿನ ತಿದ್ದುಪಡಿ ಅಷ್ಟೇ. ಈ 90,400 ರೂಪಾಯಿಯನ್ನು ಬೇಳೆ ವ್ಯಾಪಾರದ ಲಾಭದೊಳಗೆ ಬೆರೆಸದೆ ಬೇರೆ ಸಾಲಿನಲ್ಲಿ ತೋರಿಸಿ. ತೆರಿಗೆಯ ಪಟ್ಟಿಯಲ್ಲಿ ಹೀಗೆ ಒಂದೊಂದು ಯಂತ್ರದ ಲಾಭ ನಷ್ಟ ಬರೆಯುವುದಿಲ್ಲ. ಮಾರಿದ ಬೆಲೆಯನ್ನು ಅದೇ ದರದ ಆಸ್ತಿಗಳ ಒಟ್ಟು ಗುಂಪಿನಿಂದ ಕಳೆಯುತ್ತಾರೆ.

ಯಂತ್ರ ಮಾರದೆ, ಇಬ್ಬರು ಸಮಪಾಲುದಾರರಲ್ಲಿ ಒಬ್ಬರು ಆ ದಿನ ಹೊರಬರುತ್ತಾರೆ ಎನ್ನಿ. ಇಳಿಕೆ ಶಿಲ್ಕು ಹಿಡಿದಿದ್ದ ಮಿಲ್ಲಿನಲ್ಲಿ ನಾಲ್ಕು ವರ್ಷಗಳಲ್ಲಿ ಅವರ ಬಂಡವಾಳ ಖಾತೆಗೆ ಸೇರಿದ ಲಾಭ ನೇರ ರೇಖೆಗಿಂತ 1,15,200 ಕಡಿಮೆ. ಐದನೆಯ ವರ್ಷದಿಂದ ಏರುವ ಲಾಭ ಉಳಿದವರಿಗೆ, ಇಲ್ಲವೇ ಹೊಸದಾಗಿ ಸೇರುವವರಿಗೆ ಹೋಗುತ್ತದೆ. ಅದಕ್ಕಾಗಿಯೇ ಹೊರಹೋಗುವ ದಿನ ಆಸ್ತಿಗಳ ಮರುಮೌಲ್ಯಮಾಪನ ಮಾಡಬೇಕು. ಯಂತ್ರದ ಬೆಲೆ 5,00,000 ಎಂದು ಒಪ್ಪಿದರೆ 90,400 ಹೆಚ್ಚಳದಲ್ಲಿ ಅರ್ಧ, 45,200, ಅವರ ಖಾತೆಗೆ ಜಮೆಯಾಗುತ್ತದೆ. ನೇರ ರೇಖೆ ಹಿಡಿದಿದ್ದರೆ ಇದೇ ಮರುಮೌಲ್ಯಮಾಪನ ಅವರ ಖಾತೆಯಿಂದ 70,000 ಕಳೆಯುತ್ತಿತ್ತು. ಪುಸ್ತಕದ ಶಿಲ್ಕನ್ನೇ ನಂಬಿ ಲೆಕ್ಕ ಚುಕ್ತಾ ಮಾಡಿದರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯವಾಗುತ್ತದೆ, ಬಹಳ ಸಲ ಅದು ಅವರ ಗಮನಕ್ಕೇ ಬರುವುದಿಲ್ಲ.

## ಹಂತ 10: ವಿಧಾನ ಬದಲಿಸಬೇಕಾದರೆ

ಯಂತ್ರದ ಬಳಕೆಯ ಬಗೆಯೇ ಬದಲಾಗಿದ್ದರೆ ಮಾತ್ರ ವಿಧಾನ ಬದಲಿಸಿ. ಈ ವರ್ಷ ಲಾಭ ಕಡಿಮೆ ಕಾಣುತ್ತದೆ ಎಂಬುದು ಕಾರಣವಲ್ಲ. ಬದಲಿಸುವ ಕ್ರಮದಲ್ಲಿ ಹಳೆಯ ಪುಸ್ತಕ ಓದಿದವರು ಎಡವುತ್ತಾರೆ. ಹಿಂದೆ ಮೊದಲ ದಿನದಿಂದ ಹೊಸ ವಿಧಾನ ಹಾಕಿ, ಬಂದ ವ್ಯತ್ಯಾಸವನ್ನು ಒಂದೇ ವರ್ಷ ಲಾಭ ನಷ್ಟ ಖಾತೆಗೆ ತರುತ್ತಿದ್ದರು. 2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನದಂಡ 10ರ ಪ್ರಕಾರ ವಿಧಾನದ ಬದಲಾವಣೆ ಅಂದಾಜಿನ ಬದಲಾವಣೆ. ಹಿಂದಿನದನ್ನು ಮುಟ್ಟುವಂತಿಲ್ಲ, ಮುಂದಿನ ವರ್ಷಗಳಿಗೆ ಮಾತ್ರ ಹಚ್ಚಬೇಕು.

ಮೂರು ವರ್ಷ ನೇರ ರೇಖೆಯಲ್ಲಿ ನಡೆದು ನಾಲ್ಕನೆಯ ವರ್ಷ ಇಳಿಕೆ ಶಿಲ್ಕಿಗೆ ಹೋಗುತ್ತೀರಿ ಎನ್ನಿ. ಉಳಿದ ಶಿಲ್ಕು 7,30,000. ಹಳೆಯ ಕ್ರಮದಲ್ಲಿ ಹಿಂದಿನ ಮೂರು ವರ್ಷಗಳ ವ್ಯತ್ಯಾಸ 2,18,000 ಆ ಒಂದು ವರ್ಷದ ಲಾಭವನ್ನು ನುಂಗುತ್ತಿತ್ತು. ಈಗ ಅದು ಬೇಡ. ಆದರೆ ಹಳೆಯ ಶೇ 20 ದರವನ್ನೂ ಹಾಗೇ ತರಬೇಡಿ. ಅದರಿಂದ ಉಳಿದ ಏಳು ವರ್ಷಗಳಲ್ಲಿ ಶಿಲ್ಕು ಒಂದೂವರೆ ಲಕ್ಷಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸೂತ್ರವನ್ನು ಹೊಸ ಅಂಕಿಗಳಿಂದ ಮತ್ತೆ ಹಾಕಿ:

```
=1-(100000/730000)^(1/7)
```

ಸುಮಾರು ಶೇ 24.7 ಬರುತ್ತದೆ. ನಾಲ್ಕನೆಯ ವರ್ಷದ ಸವಕಳಿ 1,80,310, ಲಾಭ 1,19,690. ಹಿಂದಿನ ವರ್ಷ 2,10,000 ಇದ್ದ ಲಾಭ ಇಷ್ಟಕ್ಕೆ ಇಳಿದದ್ದು ಏಕೆ ಎಂದು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಬರೆಯಲೇಬೇಕು: ಯಾವ ವಿಧಾನದಿಂದ ಯಾವುದಕ್ಕೆ ಬದಲಿಸಿದಿರಿ, ಕಾರಣವೇನು, ಅದರಿಂದ ಲಾಭ 90,310 ರೂಪಾಯಿ ಕಡಿಮೆಯಾಯಿತು ಎಂಬ ಮೂರು ಸಾಲು ಸಾಕು.